ವಾಷಿಂಗ್ ಮಷೀನ್ ನಿಂತಿತೆಂದು ಫೋನಿಗೆ ತಿಳಿಯುವ ಬಗೆ

ನಮ್ಮ ವಾಷಿಂಗ್ ಮಷೀನ್ ಇರುವುದು ತಾರಸಿಯ ಪಕ್ಕದ ಕೋಣೆಯಲ್ಲಿ. ಅದು ಕೆಲಸ ಮುಗಿಸಿ ಕೂಗುವ ಸದ್ದು ಕೆಳಗಿನ ಅಡುಗೆಮನೆಯವರೆಗೆ ಬರುವುದಿಲ್ಲ. ಮಳೆಗಾಲದಲ್ಲಿ ಒಗೆದ ಬಟ್ಟೆ ಡ್ರಮ್ಮಿನಲ್ಲೇ ಉಳಿದು ಮುಗ್ಗಲು ವಾಸನೆ ಹಿಡಿಯತೊಡಗಿದಾಗ, ವಿದ್ಯುತ್ ಬಳಕೆಯನ್ನು ಅಳೆಯುವ ಸ್ಮಾರ್ಟ್ ಪ್ಲಗ್ ಒಂದನ್ನು ತಂದೆವು. ಯಂತ್ರದೊಳಗೆ ನೀರು ಕಾಯಿಸುವ ಹೀಟರ್ ಸುಮಾರು 2000 ವ್ಯಾಟ್, ಅಂದರೆ 9 ಆಂಪಿಯರಿನಷ್ಟು, ಎಳೆಯುವುದರಿಂದ 16 ಆಂಪಿಯರಿನ ಪ್ಲಗ್ಗನ್ನೇ ಆರಿಸಿಕೊಂಡೆವು.

ಬಳಕೆ 10 ವ್ಯಾಟಿಗಿಂತ ಇಳಿದು ಎರಡು ನಿಮಿಷ ಹಾಗೆಯೇ ಉಳಿದರೆ ಫೋನಿಗೆ ಸಂದೇಶ ಬರುವಂತೆ, ಮನೆಯ ಸ್ಮಾರ್ಟ್ ಉಪಕರಣಗಳನ್ನು ನಿಭಾಯಿಸುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶದಲ್ಲಿ ನಿಯಮವೊಂದನ್ನು ಬರೆದಿಟ್ಟೆ. ಆ ಭಾನುವಾರ ಬಟ್ಟೆ ಹಾಕಿ ಇಳಿದು ಬಂದು ಸ್ವಲ್ಪ ಹೊತ್ತಾಗಿರಲಿಲ್ಲ, ಸಂದೇಶ ಬಂದೇಬಿಟ್ಟಿತು. ಮೇಲೆ ಹೋಗಿ ನೋಡಿದ ಅತ್ತೆ, "ಮುಗಿದಿಲ್ಲಮ್ಮ, ಇನ್ನೂ ನೀರು ತುಂಬ್ತಾ ಇದೆ" ಎಂದರು.

ಪ್ಲಗ್ ದಾಖಲಿಸಿದ್ದ ರೇಖೆಯನ್ನು ತೆರೆದು ನೋಡಿದಾಗ ಕಾರಣ ಸ್ಪಷ್ಟವಾಯಿತು. ಹೀಟರ್ ಉರಿಯುವಾಗ ರೇಖೆ ಗೋಡೆಯಂತೆ ನೆಟ್ಟಗೆ ಏರುತ್ತದೆ. ಡ್ರಮ್ ತಿರುಗುವಾಗ ನೂರು ಇನ್ನೂರು ವ್ಯಾಟಿನ ನಡುವೆ ಏರಿಳಿಯುತ್ತದೆ. ದಿಕ್ಕು ಬದಲಿಸಲು ಡ್ರಮ್ ನಿಂತಾಗ ಕೆಲವೇ ಸೆಕೆಂಡು ತೀರಾ ಕೆಳಕ್ಕಿಳಿಯುತ್ತದೆ. ನೀರು ತುಂಬುವಾಗ ಮಾತ್ರ ಮೋಟಾರಿಗೂ ಹೀಟರಿಗೂ ಕೆಲಸವಿಲ್ಲ. ನೀರು ಬಿಡುವ ವಾಲ್ವ್ ಮತ್ತು ಒಳಗಿನ ಸರ್ಕ್ಯೂಟ್ ಬೋರ್ಡ್ ಸೇರಿ ನಮ್ಮ ಯಂತ್ರದಲ್ಲಿ ಎಳೆಯುವುದು 8 ವ್ಯಾಟ್ ಆಸುಪಾಸು. ತೊಟ್ಟಿ ಯಂತ್ರಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲದ ಕಾರಣ ನಮ್ಮಲ್ಲಿ ನೀರಿನ ಒತ್ತಡ ಕಡಿಮೆ. ಬೇರೆ ಮನೆಗಳಲ್ಲಿ ಬೇಗನೆ ತುಂಬುವ ನೀರಿಗೆ ಇಲ್ಲಿ ಹಲವು ನಿಮಿಷ ಬೇಕು. ಕೆಲಸ ಪೂರ್ತಿ ಮುಗಿದ ಮೇಲೆ ಬಳಕೆ 2 ವ್ಯಾಟಿನ ಹತ್ತಿರ ನಿಲ್ಲುತ್ತದೆ. ಎಂಟಕ್ಕೂ ಎರಡಕ್ಕೂ ನಡುವೆ ಗಡಿ ಇಟ್ಟರೆ ಸಾಕಾಗಿತ್ತು:

```yaml
triggers:
  - trigger: numeric_state
    entity_id: sensor.washer_power
    below: 5
    for: "00:04:00"
```

ನಾಲ್ಕು ನಿಮಿಷದ ಕಾಯುವಿಕೆ ಡ್ರಮ್ಮಿನ ಸಣ್ಣ ನಿಲುಗಡೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ನೋಡಿಕೊಳ್ಳುತ್ತದೆ. ಈ ಅಂಕಿಗಳನ್ನು ಇನ್ನೊಬ್ಬರು ಹಾಗೆಯೇ ನಕಲು ಮಾಡುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಇಷ್ಟು ಸಣ್ಣ ಬಳಕೆಯನ್ನು ಪ್ಲಗ್ಗುಗಳು ನಿಖರವಾಗಿ ಅಳೆಯುವುದು ಕಡಿಮೆ. ಪೂರ್ತಿ ಒಂದು ಒಗೆತದ ರೇಖೆಯನ್ನು ನೋಡಿದ ಮೇಲೆಯೇ ಗಡಿ ಗೊತ್ತುಮಾಡಬೇಕು. ಬಟ್ಟೆ ಸುಕ್ಕಾಗದಿರಲೆಂದು ಕೊನೆಯಲ್ಲಿ ಆಗಾಗ ಡ್ರಮ್ಮನ್ನು ತಿರುಗಿಸುವ ಸೌಲಭ್ಯವಿದ್ದರೆ, ಪ್ರತಿ ಸುತ್ತಿಗೂ ನಾಲ್ಕು ನಿಮಿಷದ ಎಣಿಕೆ ಮೊದಲಿನಿಂದ ಶುರುವಾಗಿ ಸಂದೇಶ ತಡವಾಗುತ್ತದೆ. ನಾವು ಅದನ್ನು ಆಫ್ ಮಾಡಿಬಿಟ್ಟೆವು.

ಉಳಿದದ್ದು ಕರೆಂಟಿನ ತಂಟೆ. ಒಗೆಯುವ ನಡುವೆ ಕರೆಂಟ್ ಹೋಗಿ ಬಂದಾಗ ಪ್ಲಗ್ ತಾನಾಗಿ ಆಫ್ ಸ್ಥಿತಿಯಲ್ಲೇ ಉಳಿದರೆ, ಮೇಲೆ ಯಂತ್ರ ಅರ್ಧಕ್ಕೇ ನಿಂತಿರುತ್ತದೆ, ಬಳಕೆ ಸೊನ್ನೆಗಿಳಿದಿರುವುದರಿಂದ ಕೆಳಗೆ ನಮಗೆ ಕೆಲಸ ಮುಗಿಯಿತೆಂಬ ಸುಳ್ಳು ಸಂದೇಶ ಬರಬಹುದು. ಆದ್ದರಿಂದ ಕರೆಂಟ್ ಬಂದೊಡನೆ ಹಿಂದಿನ ಸ್ಥಿತಿಗೆ ಮರಳುವಂತೆ ಪ್ಲಗ್ಗಿನ ಆಪ್‌ನಲ್ಲಿ ಹೊಂದಿಸಿಟ್ಟಿದ್ದೇವೆ. ಅಲ್ಲಿಂದ ಒಗೆತ ಮುಂದುವರಿಸುವುದು ಯಂತ್ರಕ್ಕೇ ಗೊತ್ತು.