ಚೀಟಿಯ ಮೇಲೆ ನಾಲ್ಕು ಅಂಕಿ

ಶಿವಮೊಗ್ಗದಲ್ಲಿ ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಹೋದ ವಾರ ಒಂದು ಡಿಗ್ರಿ ಕಾಲೇಜಿನಲ್ಲಿ ಹದಿನೈದು ನಿಮಿಷ ಮಾತಾಡಲು ಕರೆದಿದ್ದರು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಆನ್‌ಲೈನ್‌ನಲ್ಲಿ ನೋಡಿ ದುಡ್ಡು ಕಳಿಸುವ ಮುಂಚೆ, ಫೋಟೋದಲ್ಲೇ ಏನೇನು ಪರೀಕ್ಷೆ ಮಾಡಬಹುದು ಅನ್ನೋದು ವಿಷಯ. ಅಂಗಡಿಗೆ ಬಂದ ಎರಡು ಪ್ರಕರಣಗಳನ್ನೇ ಹೇಳಿದೆ.

ಮೊದಲನೆಯದು ಬಿಕಾಂ ಹುಡುಗಿಯೊಬ್ಬಳದು. "ಅಣ್ಣಾ, ಹದಿನೆಂಟು ಸಾವಿರ ಹೇಳ್ತಿದ್ದಾರೆ, ರೇಟ್ ಸರಿ ಇದೆಯಾ?" ಅಂತ ಫೋನ್ ಮುಂದೆ ಹಿಡಿದಳು. ಮಾರುವವರು ಹುಬ್ಬಳ್ಳಿಯವರಂತೆ, ಅಲ್ಲೇ ಅಂಗಡಿಯಲ್ಲಿ ಕೊಂಡಿದ್ದಂತೆ. ಮೂರು ಸಾವಿರ ಮುಂಗಡ ಕಳಿಸಿದರೆ ಕೊರಿಯರ್ ಮಾಡುತ್ತಾರಂತೆ.

ರೇಟ್ ಆಮೇಲೆ ನೋಡೋಣ ಅಂತ ಕೀಬೋರ್ಡ್ ಜೂಮ್ ಮಾಡಿದೆ. 3ರ ಕೀ ಮೇಲೆ £ ಇತ್ತು, ಎಂಟರ್ ಕೀ ಎರಡು ಸಾಲಿನಷ್ಟು ಎತ್ತರ ಇತ್ತು. ಅದು ಇಂಗ್ಲೆಂಡಿನ ಕೀಬೋರ್ಡ್. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 3ರ ಮೇಲೆ # ಇರುತ್ತದೆ, ಎಂಟರ್ ಒಂದೇ ಸಾಲಿನದು, ಎಷ್ಟೋ ಸಲ 4ರ ಕೀಯಲ್ಲಿ ₹ ಕೂಡ ಇರುತ್ತದೆ. ವಿದೇಶದಿಂದ ಯಾರೋ ತಂದ ಲ್ಯಾಪ್‌ಟಾಪೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಹಿಂದಿನ ಗೋಡೆಯ ಪ್ಲಗ್ ಪಾಯಿಂಟ್ ನೋಡಿದರೆ ಅದೂ ಚಪ್ಪಟೆ ತೂತುಗಳದ್ದು. ನಮ್ಮ ಮನೆಗಳಲ್ಲಿ ಇರೋದು ದುಂಡು ತೂತು, ಅಲ್ವಾ? ಹುಬ್ಬಳ್ಳಿಯ ಮನೆಗೂ ಈ ಫೋಟೋಗೂ ತಾಳೆಯಾಗಲಿಲ್ಲ.

ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿದೆವು. ಇಲ್ಲಿ ಜಾಸ್ತಿ ಜನ ಒಂದು ತಪ್ಪು ಮಾಡುತ್ತಾರೆ. ಲ್ಯಾಪ್‌ಟಾಪನ್ನೇ ಹುಡುಕಿದರೆ ಅದೇ ಮಾಡೆಲ್‌ನ ರಾಶಿ ಫೋಟೋ ಬರುತ್ತವೆ. ಹುಡುಕಬೇಕಾದ್ದು ಹಿನ್ನೆಲೆಯನ್ನು: ಟೇಬಲ್ ಬಟ್ಟೆ, ಗೋಡೆ, ಪಕ್ಕದಲ್ಲಿರುವ ಕಪ್. ನಾವು ಟೇಬಲ್ ಬಟ್ಟೆಯ ಹೂವಿನ ಮೂಲೆಯನ್ನು ಮಾತ್ರ ಕ್ರಾಪ್ ಮಾಡಿದೆವು. ಬೇರೆ ದೇಶದ ಹಳೆಯ ಜಾಹೀರಾತೊಂದರಲ್ಲಿ ಅದೇ ಫೋಟೋ ಸಿಕ್ಕಿತು. ಏನೂ ಸಿಗದಿದ್ದರೆ ಫೋಟೋ ಅಸಲಿ ಅಂತ ಅರ್ಥವಲ್ಲ. ಫೋಟೋವನ್ನು ಎಡಬಲ ತಿರುಗಿಸಿದ್ದರೆ, ಅಥವಾ ಮೂಲ ಫೋಟೋ ಯಾರದೋ ವಾಟ್ಸಾಪ್‌ನಲ್ಲಿ ಮಾತ್ರ ಇದ್ದರೆ, ಲೆನ್ಸ್‌ಗೆ ಅದು ಸಿಗದೇ ಹೋಗಬಹುದು.

ಅದಕ್ಕೇ ಹೊಸ ಫೋಟೋ ಕೇಳಬೇಕು. ಲ್ಯಾಪ್‌ಟಾಪ್ ಆನ್ ಮಾಡಿ, ಪಕ್ಕದಲ್ಲಿ ಕೈಬರಹದ ಚೀಟಿ ಇಟ್ಟು, ಇವತ್ತಿನ ತಾರೀಖು ಬರೆದು ಕಳಿಸಿ ಅಂತ. ಇದು ಸುಮಾರು ಜನಕ್ಕೆ ಗೊತ್ತು. ನಾನೂ ಎಷ್ಟೋ ವರ್ಷ ಇಷ್ಟೇ ಸಾಕು ಅಂತ ಹೇಳುತ್ತಿದ್ದೆ. ಸಾಲದು ಅಂತ ಗೊತ್ತಾಗಿದ್ದು ಎರಡನೇ ಪ್ರಕರಣದಿಂದ.

ಡಿಪ್ಲೊಮಾ ಹುಡುಗನೊಬ್ಬ ನನ್ನ ಮಾತು ಕೇಳಿಯೇ ಚೀಟಿ ಕೇಳಿದ್ದ. ಹೊಸ ಫೋಟೋ ಬಂತು, ಇವನು ಹೇಳಿದ ತಾರೀಖೇ ಇತ್ತು. ನಂಬಿ ನಾಲ್ಕು ಸಾವಿರ ಕಳಿಸಿದ. ಆ ಕಡೆಯ ನಂಬರ್ ಸ್ವಿಚ್ ಆಫ್. ಆಗಿದ್ದೇನೆಂದರೆ, ಮೋಸಗಾರ ಮಧ್ಯದಲ್ಲಿ ಕೂತಿದ್ದ. ನಿಜವಾದ ಮಾಲೀಕರೊಬ್ಬರು ಬೇರೆ ಕಡೆ ಜಾಹೀರಾತು ಹಾಕಿದ್ದರು. ಮೋಸಗಾರ ಅವರ ಹತ್ತಿರ ಕೊಳ್ಳುವವನಂತೆ ಮಾತಾಡಿ "ಸರ್, ತಾರೀಖು ಬರೆದು ಒಂದು ಫೋಟೋ ಕಳಿಸಿ" ಅಂದ. ಅವರು ಪಾಪ ಕಳಿಸಿದರು. ಅದನ್ನೇ ಹುಡುಗನಿಗೆ ದಾಟಿಸಿದ. ಫೋಟೋ ಅಸಲಿ, ಲ್ಯಾಪ್‌ಟಾಪ್ ಅಸಲಿ, ಕಳಿಸಿದವನು ಮಾತ್ರ ಮಾಲೀಕನಲ್ಲ. ಆ ಹುಡುಗ ನನ್ನ ಮುಂದೆ ನಿಂತು "ನೀವು ಹೇಳಿದ ಹಾಗೇ ಮಾಡಿದ್ದೆ ಅಣ್ಣಾ" ಅಂದಾಗ ನನಗೆ ಮಾತೇ ಹೊರಡಲಿಲ್ಲ.

ಅವತ್ತಿನಿಂದ ಚೀಟಿಯ ಮೇಲೆ ಇನ್ನೊಂದು ಬರೆಸಲು ಹೇಳುತ್ತಿದ್ದೇನೆ: ದುಡ್ಡು ಹೋಗಬೇಕಾದ ಯುಪಿಐ ನಂಬರಿನ ಕೊನೆಯ ನಾಲ್ಕು ಅಂಕಿ. ಮಧ್ಯದಲ್ಲಿರುವವನು ತನ್ನ ನಂಬರನ್ನು ಮಾಲೀಕರ ಕೈಯಲ್ಲಿ ಬರೆಸಬೇಕಾಗುತ್ತದೆ. "ನನ್ನದಲ್ಲದ ನಂಬರ್ ಯಾಕೆ ಬರೆಯಲಿ?" ಅಂತ ಅವರು ಕೇಳೇ ಕೇಳುತ್ತಾರೆ. ಚೀಟಿ ಕೀಬೋರ್ಡ್ ಮೇಲೆ ಅಡ್ಡ ಇರಲಿ, ಒಂದು ಮೂಲೆ ಕೀಗಳ ಸಂದಿಗೆ ಸಿಕ್ಕಿಸಿರಲಿ. ಬಿಳಿ ಕಾಗದವನ್ನು ಎಡಿಟ್ ಮಾಡಿ ಅಂಟಿಸುವುದು ಸುಲಭ, ಸಿಕ್ಕಿಸಿದ ಕಾಗದದ ನೆರಳು, ಮಡಿಕೆ ಸರಿಯಾಗಿ ಕೂರಿಸುವುದು ಕಷ್ಟ. ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಜೂಮ್ ಮಾಡಿದರೆ ಮಸುಕಾಗಲ್ಲ.

ಅದೇ ಫೋಟೋದಲ್ಲಿ ಸ್ಕ್ರೀನ್ ಮೇಲೆ ಸೀರಿಯಲ್ ನಂಬರೂ ಕಾಣಲಿ. ವಿಂಡೋಸ್ ಆದರೆ ಪವರ್‌ಶೆಲ್ ತೆರೆದು ಇದನ್ನು ಟೈಪ್ ಮಾಡಿದರೆ ಬರುತ್ತದೆ:

```
Get-CimInstance Win32_BIOS
```

ತಳಭಾಗದ ಸ್ಟಿಕರ್ ಫೋಟೋದ ಜೊತೆ, ಬಿಲ್ ಇದ್ದರೆ ಅದರ ಜೊತೆಯೂ, ತಾಳೆ ನೋಡಿ. ಬೇರೆ ಬೇರೆ ಇದ್ದರೆ ಬೋರ್ಡ್ ಅಥವಾ ತಳದ ಕವರ್ ಬದಲಾಗಿರಬಹುದು, ಕಾರಣ ಕೇಳಿ.

ಕೊನೆಗೆ ಒಬ್ಬ ಹುಡುಗ ಎದ್ದು ಕೇಳಿದ: "ಇದೆಲ್ಲ ಸರಿ ಇದ್ದರೆ ಪೂರ್ತಿ ದುಡ್ಡು ಕಳಿಸಬಹುದಾ?" ಇಲ್ಲಪ್ಪ ಅಂದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಹಿಂಜ್ ಸಡಿಲ ಆಗಿದೆಯಾ, ಬಯೋಸ್‌ಗೆ ಪಾಸ್‌ವರ್ಡ್ ಇದೆಯಾ, ಇವು ಯಾವುದೂ ಆ ಫೋಟೋದಲ್ಲಿ ಗೊತ್ತಾಗಲ್ಲ. ಹೋಗಿ ನೋಡುವುದಕ್ಕೆ ಬಸ್ ಚಾರ್ಜ್ ಹಾಕಬಹುದಾ ಅಂತ ತಿಳಿಯಲು ಈ ಫೋಟೋ. ದುಡ್ಡು ಕೊಡುವುದು ಲ್ಯಾಪ್‌ಟಾಪ್ ಕೈಯಲ್ಲಿ ಹಿಡಿದ ಮೇಲೆ. ಈಗಾಗಲೇ ಕಳಿಸಿ ಮೋಸ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆ ದುಡ್ಡು ಮುಂದಿನ ಖಾತೆಗೆ ದಾಟುವ ಮುಂಚೆ.

ಆ ಬಿಕಾಂ ಹುಡುಗಿ ಹುಬ್ಬಳ್ಳಿಯವರಿಗೆ ಚೀಟಿ ಫೋಟೋ ಕೇಳಿದ್ದಳು. "ಇನ್ನೊಬ್ಬರು ಕಾಯ್ತಿದ್ದಾರೆ, ಈಗಲೇ ಮುಂಗಡ ಹಾಕಿ" ಅಂತ ಉತ್ತರ ಬಂತು. ಆಮೇಲೆ ಬ್ಲಾಕ್ ಮಾಡಿದರು. ಅವಳ ಮೂರು ಸಾವಿರ ಅವಳ ಹತ್ತಿರವೇ ಉಳಿಯಿತು.