ಕಮಂಡಲ ಉರುಳಿದ್ದು ಹೇಗೆ?

ತುಲಾ ಸಂಕ್ರಮಣ ಮುಗಿದ ಮೇಲೆ, ಸೋಮವಾರಪೇಟೆ ಸೀಮೆಯ ಒಂದು ಮನೆಯಲ್ಲಿ ಕಾವೇರಿಯ ಹಾಡು ಬಲ್ಲ ಇಬ್ಬರು ಅಜ್ಜಿಯರನ್ನು ಭೇಟಿಯಾದೆ. ಅವರು ವಾರಗಿತ್ತಿಯರು, ಬೇರೆ ಬೇರೆ ಊರುಗಳಿಂದ ಈ ಮನೆಗೆ ಸೇರಿದವರು. ಹಾಡನ್ನು ದಾಖಲಿಸಿಕೊಳ್ಳಲು ಹಿರಿಯಜ್ಜಿಯ ಮಗ ಆಗಲೇ ಒಪ್ಪಿಗೆ ಕೊಟ್ಟಿದ್ದರೂ ಹಾಡು ಅವರದ್ದಲ್ಲವಾದ್ದರಿಂದ ನಾನು ಅಜ್ಜಿಯರನ್ನೇ ಕೇಳಿದೆ. ಹೆಬ್ಬೆಟ್ಟು ಒತ್ತಿಸುವ ಕಾಗದವೆಂದರೆ ಆ ವಯಸ್ಸಿನವರಿಗೆ ಆಸ್ತಿಪತ್ರದ ಅಂಜಿಕೆ. ಹಾಗಾಗಿ ಒಪ್ಪಿಗೆಯನ್ನು ಅವರ ದನಿಯಲ್ಲೇ ಧ್ವನಿಮುದ್ರಿಸಿಕೊಂಡೆ. ಧ್ವನಿಮುದ್ರಿಸಿಕೊಳ್ಳಬಹುದೇ, ಬರೆದು ಪ್ರಕಟಿಸಬಹುದೇ, ಹೆಸರು ಹಾಕಬಹುದೇ ಎಂಬುದು ಮೂರು ಬೇರೆ ಪ್ರಶ್ನೆಗಳು. ಮೊದಲೆರಡಕ್ಕೆ ಹೂಂ ಎಂದ ಹಿರಿಯಜ್ಜಿ, "ಹೆಸರು ಮಾತ್ರ ಬೇಡ ಮಗಾ" ಎಂದರು.

ಜೊತೆಯಲ್ಲಿ ಕೂತರೆ ಒಬ್ಬರ ಸೊಲ್ಲಿಗೆ ಇನ್ನೊಬ್ಬರು ಒಗ್ಗಿಕೊಂಡು ಪಾಠಭೇದವೇ ಅಡಗಿಹೋಗುವುದರಿಂದ ಇಬ್ಬರನ್ನೂ ಬೇರೆ ಬೇರೆಯಾಗಿ ಹಾಡಿಸಿದೆ. ಹೆಂಚಿನ ಮೇಲೆ ಮಳೆ ಬಿದ್ದಾಗ ನಿಲ್ಲಿಸಿ ಕಾದದ್ದೂ ಉಂಟು.

ಅಗಸ್ತ್ಯರು ಕಾವೇರಿಯನ್ನು ಕಮಂಡಲದಲ್ಲಿರಿಸಿ ಸ್ನಾನಕ್ಕೆ ಹೋಗುವವರೆಗೆ ಇಬ್ಬರ ಕಥೆಯೂ ಒಂದೇ. ಅನಂತರ ಹಿರಿಯರ ಹಾಡಿನಲ್ಲಿ, ಒಂಟಿಯಾಗಿ ಬಿಡುವುದಿಲ್ಲವೆಂಬ ಮಾತು ತಪ್ಪಿದ ಗಂಡನ ಮೇಲೆ ಮುನಿದು ಕಾವೇರಿಯೇ ಹರಿದು ಹೊರಡುತ್ತಾಳೆ. ಕಿರಿಯರ ಹಾಡಿನಲ್ಲಿ ಗಣಪತಿ ಕಾಗೆಯಾಗಿ ಬಂದು ಕಮಂಡಲವನ್ನು ಉರುಳಿಸುತ್ತಾನೆ. ಕಾಗೆಯ ಕಥೆ ತಮಿಳುನಾಡಿನಲ್ಲೂ ಪ್ರಚಲಿತ. ಆದರೆ ಅಷ್ಟರಿಂದ ಅದು ಈ ಮನೆಗೆ ಎಲ್ಲಿಂದ ಬಂತೆಂದು ತೀರ್ಮಾನಿಸಲಾಗದು. ಕಿರಿಯಜ್ಜಿ ತಮ್ಮ ತಾಯಿಯಿಂದ ಕಲಿತದ್ದೆಂದರು. ಟಿಪ್ಪಣಿಯಲ್ಲಿ ಅಷ್ಟನ್ನೇ ಬರೆದೆ.

ಸಾಲು ಬಿಡಿಸಿ ಹೇಳಿ ಎಂದು ಕೇಳಿದಾಗ ಹಿರಿಯಜ್ಜಿ ಪುನರಾವರ್ತನೆಗಳನ್ನೆಲ್ಲ ಬಿಟ್ಟು ಕಥೆಯನ್ನಷ್ಟೇ ಹೇಳಿ ಮುಗಿಸಿದರು. ಹೀಗಾಗಿ ಮೂಲಪಾಠಕ್ಕೆ ಹಾಡಿದ ಧ್ವನಿಯೇ ಆಧಾರ. ಹೇಳಿಸಿದ ಪಾಠ ಅಸ್ಪಷ್ಟ ಕಡೆಗಳ ಪರಿಶೀಲನೆಗೆ ಮಾತ್ರ. ಹಕಾರ ಬಿಟ್ಟು ಉಚ್ಚರಿಸಿದ್ದನ್ನು ಹಾಗೆಯೇ ಬರೆದೆ, ಎಳೆದ ಸ್ವರಗಳನ್ನೂ ಸೊಲ್ಲಿನ ಆವರ್ತನೆಗಳನ್ನೂ ಗುರುತಿಸಿದೆ, ಕೇಳಿಸದ ಪದವನ್ನು ಊಹಿಸಿ ತುಂಬದೆ ಚೌಕ ಕಂಸದಲ್ಲಿ ಪ್ರಶ್ನೆಚಿಹ್ನೆ ಇಟ್ಟೆ. ಹಿರಿಯಜ್ಜಿಯೇ ಮತ್ತೊಮ್ಮೆ ಹಾಡಿದಾಗ ಎರಡು ಸಾಲು ಸ್ಥಳ ಬದಲಿಸಿದವು. ಆದ್ದರಿಂದ ಹಿರಿಯರ ಹಾಡುಗಳಿಗೆ ಕ-1, ಕ-2, ಕಿರಿಯರದಕ್ಕೆ ಖ-1 ಎಂದು ಗುರುತು ಕೊಟ್ಟು, ಸಾಲುಸಂಖ್ಯೆಯೊಡನೆ ಅಕ್ಕಪಕ್ಕದಲ್ಲಿಟ್ಟೆ. ಚೆನ್ನಾಗಿರುವ ಸಾಲುಗಳನ್ನು ಆರಿಸಿ ಒಂದೇ "ಶುದ್ಧ ಪಾಠ" ಕಟ್ಟುವುದು ಓದುಗರಿಗೆ ಹಿತವೇನೋ ಸರಿ, ಆದರೆ ಅಂಥ ಹಾಡನ್ನು ಯಾರೂ ಹಾಡಿರುವುದಿಲ್ಲ.

ಬರೆದದ್ದನ್ನು ಓದಿ ಹೇಳಿ, ಮುದ್ರಣವನ್ನೂ ಕೇಳಿಸಿದಾಗ, ಹಿರಿಯಜ್ಜಿ ಒಂದು ನುಡಿ ಪೂಜೆಯ ಹೊತ್ತಿನದ್ದು, ಹೊರಗೆ ಬೇಡ ಎಂದರು. ಕಿರಿಯಜ್ಜಿಗೆ ಅದು ಅತಿಯೆನಿಸಿತು. ಆದರೂ ಹಾಡಿದವರ ಮಾತೇ ಕೊನೆ. ಆ ನುಡಿಯನ್ನು ಧ್ವನಿಕಡತದ ಪ್ರತಿಯಿಂದಲೂ ತೆಗೆದೆ. ಬರಹದಲ್ಲಿ ಅದರ ಸಾಲುಸಂಖ್ಯೆಗಳನ್ನು ಉಳಿಸಿ, "ಹಾಡಿದವರ ಇಚ್ಛೆಯಂತೆ ಪ್ರಕಟಿಸಿಲ್ಲ" ಎಂದು ಬರೆದಿದ್ದೇನೆ.