ಶಾಸನ ಓದುವ ಗುಂಪು: ಕೊನೆಗೂ ಹೊತ್ತು ಕೂಡಿಬಂತು!

ಆರು ಜನರ ನಮ್ಮ ಗುಂಪಿಗೆ ಒಂದೂವರೆ ಗಂಟೆ ಹೊಂದಿಸೋದು ಸವೆದ ಅಕ್ಷರ ಓದೋದಕ್ಕಿಂತ ಕಷ್ಟ. ಈ ವಾರ ಅದು ಕೈಗೂಡಿದೆ, ಅದಕ್ಕೇ ಈ ಬರಹ.

ವಾಟ್ಸಾಪ್ ಪೋಲ್ ಮಾಡೋದು ಎಲ್ಲರಿಗೂ ಗೊತ್ತಿರೋದೇ. ಒಬ್ಬರು ಎಷ್ಟು ಆಯ್ಕೆಗಳಿಗೆ ಬೇಕಾದರೂ ಟಿಕ್ ಹಾಕುವ ಹಾಗೆ ಇಟ್ಟಿದ್ದೆವು. ತೊಂದರೆ ಇದ್ದದ್ದು ಎಣಿಕೆಯಲ್ಲಿ. ಜಾಸ್ತಿ ಓಟು ಬಿದ್ದ ಹೊತ್ತನ್ನೇ ಆರಿಸುತ್ತಾ ಹೋದರೆ ಪ್ರತಿ ಸಲ ಭಾನುವಾರ ಸಂಜೆ 4 ಗಂಟೆಯೇ ಗೆಲ್ಲುತ್ತಿತ್ತು. ಪ್ರತಿ ಸಲ ನಮ್ಮ ನರ್ಸ್ ಗೆಳತಿಯೇ ಹೊರಗೆ. ಹಳಗನ್ನಡ ವ್ಯಾಕರಣ ಚೆನ್ನಾಗಿ ಬರೋದು ಅವಳಿಗೇ! ವಿಚಾರಿಸಿದರೆ, ಅವಳ ಡ್ಯೂಟಿ ಲಿಸ್ಟ್ ಬರೋದು ಬುಧವಾರ ಸಂಜೆ. ನಮ್ಮ ಪೋಲ್ ಸೋಮವಾರ. ಲಿಸ್ಟ್ ಬರುವ ಮುಂಚೆ ಅವಳು ಯಾವುದಕ್ಕೆ ಅಂತ ಟಿಕ್ ಹಾಕಬೇಕು?

ಈಗ ಪೋಲ್ ಗುರುವಾರ ಬೆಳಿಗ್ಗೆ ಶುರು, ಶುಕ್ರವಾರ ರಾತ್ರಿ 9ಕ್ಕೆ ಮುಗಿಯುತ್ತೆ. ವಾಟ್ಸಾಪಿನಲ್ಲಿ ಓಟು ಆಮೇಲೂ ಬದಲಾಯಿಸಬಹುದು, ಹಾಗಾಗಿ 9ಕ್ಕೆ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುತ್ತೇವೆ. ಅದೇ ಲೆಕ್ಕ. ಸುಮ್ಮನಿದ್ದವರು ಬರಲ್ಲ ಅಂತಲೇ ಅರ್ಥ, ‘ಯಾವುದಾದರೂ ಸರಿ’ ಅಂತಲ್ಲ. ಆ ವಾರ ಪಾಠ ಓದಿಸುವವರು ಇರಲೇಬೇಕು, ಒಟ್ಟು ನಾಲ್ಕು ಜನವಾದರೂ ಸೇರಬೇಕು. ಇಷ್ಟು ದಾಟಿದ ಹೊತ್ತುಗಳಲ್ಲಿ, ಹೋದ ಸಲ ತಪ್ಪಿಸಿಕೊಂಡವರಿಗೆ ಆಗುವಂಥದ್ದಕ್ಕೆ ಮೊದಲ ಮಣೆ. ಓಟು ಎಣಿಸೋದು ಅದಾದ ಮೇಲೆ.

ಈ ವಾರದ್ದನ್ನೇ ನೋಡಿ. ಭಾನುವಾರ ಸಂಜೆ 4ಕ್ಕೆ ಐದು ಓಟು, ನರ್ಸ್ ಇಲ್ಲ. ಭಾನುವಾರ ಬೆಳಿಗ್ಗೆ 10ಕ್ಕೆ ನಾಲ್ಕು, ಅವಳೂ ಇದ್ದಾಳೆ. ಆದರೆ ಓದಿಸಬೇಕಾದ ಮೇಷ್ಟ್ರಿಗೆ ಟ್ಯೂಷನ್, ಜರ್ಮನಿಯಲ್ಲಿರುವ ಗೆಳೆಯನಿಗೆ ಅದು ಬೆಳಗಿನ 6:30. ಶನಿವಾರ ರಾತ್ರಿ 8:30ಕ್ಕೂ ನಾಲ್ಕು: ಮೇಷ್ಟ್ರು, ನರ್ಸ್, ಜರ್ಮನಿಯವನು, ನಾನು. ಐದು ಓಟಿನದ್ದನ್ನು ಬಿಟ್ಟು ಶನಿವಾರ ರಾತ್ರಿ ಕೂತೆವು. ತಿಂಗಳಿನಿಂದ ಎಳೆದಾಡುತ್ತಿದ್ದ ಒಂದು ಸಾಲು ಅರ್ಧ ಗಂಟೆಯಲ್ಲಿ ಬಿಡಿಸಿಕೊಂಡಿತು. ಎಂಥ ಖುಷಿ ಗೊತ್ತಾ! ಜೆರಾಕ್ಸ್ ಅಂಗಡಿಯವರು ಅಚ್ಚುಪಡಿಯ ಫೋಟೋವನ್ನು ಕಪ್ಪು ಮಸಿ ಮಾಡಿಕೊಟ್ಟಿರದಿದ್ದರೆ ಇನ್ನೂ ಬೇಗ ಆಗುತ್ತಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮುಂದಿನ ಸಲ ಬೇರೆ ಇಬ್ಬರು ತಪ್ಪಿಸಿಕೊಂಡವರು. ಇಬ್ಬರಿಗೂ ಆಗುವ ಹೊತ್ತು ಸಿಗದಿದ್ದರೆ, ಜಾಸ್ತಿ ಸಲ ತಪ್ಪಿಸಿಕೊಂಡವರಿಗೆ ಆದ್ಯತೆ ಅಂತ ಮಾತಾಗಿದೆ. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಗ ನಮ್ಮ 8:30 ಅವನಿಗೆ ಸಂಜೆ 4. ಅವನ ಕೆಲಸ ಮುಗಿಯುವ ಹೊತ್ತಲ್ಲ ಅದು. ಪೋಲಿಗೆ 9:30 ಸೇರಿಸಬೇಕು.

ಅಂದಹಾಗೆ, ಮುಂದಿನ ಯೋಜನೆ ಬಾದಾಮಿ. ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯನ್ನು ಬಂಡೆಯ ಎದುರೇ ನಿಂತು ಓದಬೇಕು. ಅದಕ್ಕೆ ಎರಡು ದಿನ ಪೂರ್ತಿ ಬೇಕು, ನಾಲ್ಕು ಜನ ಸಾಕು ಅನ್ನೋ ನಿಯಮ ಅಲ್ಲಿ ನಡೆಯಲ್ಲ, ಆರೂ ಜನ ಹೋಗಲೇಬೇಕು. ಬ್ಯಾಂಕಿನ ಗೆಳೆಯನಿಗೆ ರಜೆ ಇರೋದು ಎರಡನೇ, ನಾಲ್ಕನೇ ಶನಿವಾರ ಮಾತ್ರ. ಜರ್ಮನಿಯವನು ಊರಿಗೆ ಬರೋದು ಡಿಸೆಂಬರಿನಲ್ಲಿ. ಹಾಗಾಗಿ ಪೋಲಿನಲ್ಲಿ ಎರಡೇ ಆಯ್ಕೆ ಇಡುತ್ತಿದ್ದೇನೆ.